ಬಸ್ ವೇಳಾಪಟ್ಟಿಯ ಸೊನ್ನೆಗಳನ್ನು ತಿಂದವರು ಯಾರು?

ನಮ್ಮ ಬಡಾವಣೆಯ ಕೊನೆಯ ನಿಲ್ದಾಣದಲ್ಲಿ ಬಸ್ ಹೊರಡುವ ಸಮಯದ ಹಾಳೆಯೊಂದನ್ನು ಅಂಟಿಸಿದ್ದಾರೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ನಾಲ್ಕು ಮೂಲೆಗೂ ಟೇಪ್ ಹಾಕಿದ್ದಾರೆ. ಇಷ್ಟೆಲ್ಲ ಮಾಡಿದವರಿಗೆ ಅದರಲ್ಲಿ ಏನು ಬರೆದಿದೆ ಎಂದು ಒಮ್ಮೆ ಓದಿ ನೋಡುವ ಪುರುಸೊತ್ತು ಮಾತ್ರ ಇರಲಿಲ್ಲ. ಬೆಳಗಿನ ಮೊದಲ ಮೆಜೆಸ್ಟಿಕ್ ಬಸ್ಸಿನ ಎದುರು 5.4 ಎಂದಿದೆ. ಅದು ಐದು ಗಂಟೆ ನಾಲ್ಕು ನಿಮಿಷವೋ, ಐದು ನಲವತ್ತೋ? ಬಸ್ಸಿಗೆ ಕಾಯುವವರು ಇದನ್ನು ಯಾರನ್ನು ಕೇಳಬೇಕು?

ಆ ಹಾಳೆಯ ಫೋಟೋ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಿರುಗುತ್ತಲೇ ಇರುತ್ತದೆ. ಮಧ್ಯದಲ್ಲಿ ಟ್ಯೂಬ್‌ಲೈಟಿನ ಬಿಳಿ ಪಟ್ಟೆ, ಬಲಗಡೆ ಕತ್ತರಿಸಿಹೋದ ಒಂದು ಅಂಕಣ. ಜೂಮ್ ಮಾಡಿದರೆ ಅಂಕಿಗಳು ಒಂದರೊಳಗೊಂದು ಕರಗುತ್ತವೆ. ವಯಸ್ಸಾದವರಿಗೆ, ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಅದನ್ನು ಓದಲು ಸಾಧ್ಯವೇ ಇಲ್ಲ. ಆದ್ದರಿಂದ ಯಾವ ಮಾರ್ಗದ ಬಸ್ ಎಷ್ಟು ಹೊತ್ತಿಗೆ ಹೊರಡುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಮಾರ್ಗವಾರು ಪಟ್ಟಿ ಮಾಡಲು ನಾನು ಕುಳಿತೆ. ಫೋಟೋದಿಂದ ಅಕ್ಷರ ಎತ್ತಿಕೊಡುವ ತಂತ್ರಾಂಶಕ್ಕೆ ಕೊಟ್ಟರೆ ಅದು ಚುಕ್ಕಿಯನ್ನು ನುಂಗಿ 7.25 ಅನ್ನು 725 ಎಂದೂ 7.1 ಅನ್ನು 71 ಎಂದೂ ಕೊಟ್ಟಿತು. ಅದರ ಮೇಲೆ ನನಗೆ ಸಿಟ್ಟಿಲ್ಲ. ಫೋಟೋ ಕೆಟ್ಟದಾಗಿದ್ದರೆ ನಿಲ್ದಾಣಕ್ಕೆ ಹೋಗಿ, ಹಗಲು ಬೆಳಕಿನಲ್ಲಿ, ಹಾಳೆಗೆ ನೇರವಾಗಿ ನಿಂತು ಫ್ಲ್ಯಾಶ್ ಇಲ್ಲದೆ ಇನ್ನೊಂದು ತೆಗೆಯಬಹುದು. ತೆಗೆದೆ. ಒಂದೊಂದು ಅಂಕಿಯೂ ಸ್ಪಷ್ಟವಾಗಿ ಬಂತು. ತಪ್ಪು ಫೋಟೋದ್ದಲ್ಲ, ಹಾಳೆಯದೇ ಎಂದು ಖಾತ್ರಿಯಾದದ್ದು ಆಗಲೇ.

ನಡೆದಿರುವುದು ಇಷ್ಟು. ಯಾರೋ ಸ್ಪ್ರೆಡ್‌ಶೀಟಿನಲ್ಲಿ ಕುಳಿತು 5.40 ಎಂದು ಟೈಪ್ ಮಾಡಿದ್ದಾರೆ. ಸ್ಪ್ರೆಡ್‌ಶೀಟಿಗೆ ಅದು ಹೊತ್ತಲ್ಲ, ದಶಮಾಂಶ ಸಂಖ್ಯೆ. ದಶಮಾಂಶದಲ್ಲಿ ಕೊನೆಯ ಸೊನ್ನೆಗೆ ಬೆಲೆಯಿಲ್ಲವಾದ್ದರಿಂದ ಎಂಟರ್ ಒತ್ತಿದ ಕೂಡಲೇ ಅದು 5.4 ಎಂದು ತೋರಿಸುತ್ತದೆ. 6.30 ಎಂದರೆ 6.3, 7.10 ಎಂದರೆ 7.1. ಚುಕ್ಕಿಯ ಬದಲು ಎರಡು ಚುಕ್ಕಿ ಹಾಕಿ 5:40 ಎಂದು ಬರೆದಿದ್ದರೆ ಅದು ಹೊತ್ತಾಗಿಯೇ ಉಳಿಯುತ್ತಿತ್ತು. ಇಲ್ಲವೇ ಟೈಪ್ ಮಾಡುವ ಮೊದಲು ಅಂಕಣವನ್ನು ಆರಿಸಿ ಅದು ಪಠ್ಯ ಎಂದು ನಿಗದಿ ಮಾಡಿದ್ದರೆ ಸಾಕಿತ್ತು. ಎರಡೂ ಮಾಡಲಿಲ್ಲ, ಹೋಗಲಿ. ಮುದ್ರಿಸಿದ ಮೇಲಾದರೂ ಕಣ್ಣು ಹಾಯಿಸಬೇಡವೇ? ಸಾವಿರಾರು ಜನ ನಂಬಿ ನಿಲ್ಲುವ ಹಾಳೆ ಅದು!

ಮೆಜೆಸ್ಟಿಕ್ ಸಾಲು ಶುರುವಾಗುವುದು ಹೀಗೆ: 5.4, 6.05, 6.3, 6.55, 7.1, 7.25, 7.4, 8.05, 8.2. ಇದನ್ನು ಬಿಡಿಸಬಹುದು. ಹೊತ್ತು ಹಿಂದಕ್ಕೆ ಹೋಗುವುದಿಲ್ಲ ತಾನೇ. 7.25 ಆದ ಮೇಲೆ 7.4 ಬಂದಿದೆ. ಅದು ಏಳು ಗಂಟೆ ನಾಲ್ಕು ನಿಮಿಷವಾಗಿದ್ದರೆ 7.25ಕ್ಕಿಂತ ಮುಂಚೆ ಬರಬೇಕಿತ್ತು. ಆದ್ದರಿಂದ ಅದು 7.40. ಹಾಗೆಯೇ 8.05ರ ನಂತರದ 8.2 ಎಂಟು ಇಪ್ಪತ್ತು. ಆದರೆ 7.1 ಈ ಪರೀಕ್ಷೆಗೆ ಸಿಗುವುದಿಲ್ಲ. 6.55ಕ್ಕೂ 7.25ಕ್ಕೂ ನಡುವೆ 7.01 ಕೂಡ ಹಿಡಿಸುತ್ತದೆ, 7.10 ಕೂಡ ಹಿಡಿಸುತ್ತದೆ. ಅದಕ್ಕೆ ಬೇರೆ ಸಾಕ್ಷಿ ಹುಡುಕಬೇಕು. ಅದೇ ಸಾಲಿನಲ್ಲಿ 6.05, 8.05 ಎಂದು ನಡುವಿನ ಸೊನ್ನೆ ಉಳಿದುಕೊಂಡಿದೆ. ಎಂದರೆ ಈ ಸಾಲು ಬರೆದವರು ಹತ್ತಕ್ಕಿಂತ ಕಡಿಮೆ ನಿಮಿಷವಿದ್ದಾಗ ಸೊನ್ನೆ ಹಾಕಿದ್ದಾರೆ. ಇನ್ನು ಕೊನೆಯಲ್ಲಿ ಸೊನ್ನೆ ಇರುವ ಹೊತ್ತು ಇಡೀ ಸಾಲಿನಲ್ಲಿ ಒಂದೂ ಇಲ್ಲ. ಬಿದ್ದಿರುವುದು ಕೊನೆಯ ಸೊನ್ನೆಯೇ. ಆದ್ದರಿಂದ 7.1 ಎಂದರೆ 7.10, 5.4 ಎಂದರೆ 5.40.

ಇಷ್ಟಾದ ಮೇಲೆ ಒಂಟಿ ಅಂಕಿ ಇದ್ದಲ್ಲೆಲ್ಲ ಕೊನೆಗೊಂದು ಸೊನ್ನೆ ಸೇರಿಸಿದರೆ ಮುಗಿಯಿತು ಎನ್ನಿಸುತ್ತದೆ. ಮುಗಿಯುವುದಿಲ್ಲ. ಮಾರ್ಕೆಟ್ ಸಾಲನ್ನು ನೋಡಿ: 4.5, 4.40, 5.5, 5.25, 6.10, 7.40. ಇಲ್ಲಿ ಕೊನೆಯ ಸೊನ್ನೆಗಳು ಕುಳಿತೇ ಇವೆ! 4.5 ಅನ್ನು ನಾಲ್ಕು ಐವತ್ತು ಎಂದರೆ ಅದರ ನಂತರ 4.40 ಬರುವಂತಿಲ್ಲ. 5.5 ಅನ್ನು ಐದು ಐವತ್ತು ಎಂದರೂ, ಐದೂವರೆ ಎಂದರೂ ಅದರ ನಂತರ 5.25 ಬರುವಂತಿಲ್ಲ. ಹಾಗಾದರೆ ಇವು 4.05 ಮತ್ತು 5.05. ಈ ಸಾಲನ್ನು ಬರೆದದ್ದು ಬೇರೆ ಕೈ. ಅವರು ಸೊನ್ನೆಯಿಲ್ಲದೆ ನಾಲ್ಕು ಐದು ಎಂದು ಬಾಯಲ್ಲಿ ಹೇಳುವಂತೆ ಬರೆದಿದ್ದಾರೆ, ಅದೂ ಪಠ್ಯವಾಗಿ. ಆಮೇಲೆ ಎರಡು ಕಡತಗಳನ್ನು ಒಂದೇ ಹಾಳೆಗೆ ಅಂಟಿಸಿದ್ದಾರೆ. ಒಂದೇ ಹಾಳೆಯಲ್ಲಿ ಮೇಲಿನ ಸಾಲಿನ 5.4 ಎಂದರೆ ಐದು ನಲವತ್ತು, ಕೆಳಗಿನ ಸಾಲಿನ 5.5 ಎಂದರೆ ಐದು ಗಂಟೆ ಐದು ನಿಮಿಷ. ಇದಕ್ಕೆ ವೇಳಾಪಟ್ಟಿ ಎಂದು ದಪ್ಪ ಅಕ್ಷರದಲ್ಲಿ ತಲೆಬರಹ ಬೇರೆ!

ಇದರ ಪೆಟ್ಟು ಯಾರಿಗೆ ಬಿತ್ತು ಎಂದು ಹೇಳುತ್ತೇನೆ. ನಮ್ಮ ರಸ್ತೆಯ ತಿರುವಿನಲ್ಲಿ ಹೂ ಕಟ್ಟಿ ಮಾರುವ ಅಮ್ಮ ಒಬ್ಬರಿದ್ದಾರೆ. ಹೂ ತರಲು ನಸುಕಿನಲ್ಲೇ ಕೆ.ಆರ್. ಮಾರುಕಟ್ಟೆಗೆ ಹೋಗಬೇಕು. ಅವರಿಗೆ ಓದಲು ಬರುವುದಿಲ್ಲ. ಯಾರೋ ಹಾಳೆ ನೋಡಿ ಮೊದಲ ಬಸ್ ನಾಲ್ಕೂವರೆಗೆ ಎಂದು ಹೇಳಿದ್ದಾರೆ. ಹೇಳಿದವರನ್ನು ಬೈಯುವಂತಿಲ್ಲ, 4.5 ಎಂದರೆ ಶಾಲೆಯಲ್ಲಿ ಕಲಿತವರು ನಾಲ್ಕೂವರೆ ಎಂದೇ ಓದುತ್ತಾರೆ. "ನಾಲ್ಕೂಕಾಲಿಗೇ ಬಂದು ನಿಂತಿದ್ದೆನಪ್ಪಾ, ಬಸ್ಸು ಅಷ್ಟರಲ್ಲೇ ಹೋಗಿತ್ತು. ನಾನು ಹೋಗುವಷ್ಟರಲ್ಲಿ ಒಳ್ಳೆಯ ಸೇವಂತಿಗೆ ಎಲ್ಲ ಖಾಲಿ" ಎಂದರು. ಅವರ ಇಡೀ ದಿನದ ವ್ಯಾಪಾರ ಆ ಒಂದು ಸೊನ್ನೆಯಿಂದ ಕೆಟ್ಟಿತು. ಇದನ್ನು ಸಣ್ಣ ಟೈಪಿಂಗ್ ದೋಷ ಎನ್ನುವವರು ದಯವಿಟ್ಟು ಅವರ ಮುಂದೆ ನಿಂತು ಆ ಮಾತು ಹೇಳಲಿ.

ಮೂರನೆಯದು ಶಿವಾಜಿನಗರದ ಸಾಲು. ಅದರಲ್ಲಿರುವುದು ನಾಲ್ಕೇ ಬಸ್: 1.2, 5.4, 7.3, 9.1. ಇಲ್ಲಿ ಸೊನ್ನೆಯಷ್ಟೇ ಅಲ್ಲ, ಬೆಳಿಗ್ಗೆ ಸಂಜೆಯೂ ಹೋಗಿದೆ. ಮೆಜೆಸ್ಟಿಕ್ ಸಾಲಿನಲ್ಲಿ ಹನ್ನೆರಡರ ನಂತರ 1 ಬಂದಾಗ ಅದು ಮಧ್ಯಾಹ್ನ ಎಂದು ತಿಳಿಯುತ್ತದೆ, ಹನ್ನೆರಡು ಸೇರಿಸಿ 13 ಎಂದು ಬರೆದುಕೊಳ್ಳಬಹುದು. ಇಲ್ಲಿ 1.2 ಮೊದಲು ಕುಳಿತಿದೆ. ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಗುಂಡಿಯನ್ನು ಯಾರೋ ಒತ್ತಿದ್ದಾರೆ ಎಂಬುದಕ್ಕೆ ಅದೇ ಗುರುತು. ಹಾಗೆ ಜೋಡಿಸಿದ ಮೇಲೆ ಬೆಳಗಿನ 7.30 ಮತ್ತು ಸಂಜೆಯ 7.30ರ ನಡುವೆ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ. ಹೋಲಿಸಲು ಸಾಲಿನಲ್ಲಿ ಒಂದೂ ಸೊನ್ನೆಯಿಲ್ಲ. ಎಷ್ಟು ಬುದ್ಧಿ ಖರ್ಚು ಮಾಡಿದರೂ ಈ ಸಾಲನ್ನು ಹಾಳೆಯಿಂದಲೇ ಬಿಡಿಸಲು ಬರುವುದಿಲ್ಲ. ನಿಲ್ದಾಣದ ಸಂಚಾರ ನಿಯಂತ್ರಕರನ್ನೇ ಕೇಳಿದೆ. "ಬೆಳಿಗ್ಗೆ ಏಳೂವರೆಯದು ಗೊತ್ತು ಸಾರ್, ದಿನಾ ನಾನೇ ಕಳುಹಿಸುತ್ತೇನೆ. ಉಳಿದವು ನನ್ನ ಪಾಳಿಯಲ್ಲಿ ಬರುವುದಿಲ್ಲ" ಎಂದರು. ಪ್ರಾಮಾಣಿಕ ಮನುಷ್ಯ, ತಿಳಿದಷ್ಟನ್ನೇ ಹೇಳಿದರು. ನನ್ನ ಪಟ್ಟಿಯಲ್ಲಿ ಶಿವಾಜಿನಗರಕ್ಕೆ ಬೆಳಿಗ್ಗೆ 7.30 ಒಂದೇ ಇದೆ. ಉಳಿದ ಮೂರರ ಮುಂದೆ ಹಾಳೆಯಲ್ಲಿರುವ ಅಂಕಿಯನ್ನೇ ಇದ್ದಂತೆ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಇದಕ್ಕೆ ಗುಂಪಿನಲ್ಲಿ ಬಂದ ಪ್ರತಿಕ್ರಿಯೆ ನೋಡಿ ನನ್ನ ಮೈ ಉರಿಯಿತು. ಪಟ್ಟಿ ಅರ್ಧಂಬರ್ಧ ಆಗಿದೆಯಂತೆ. ಮಧ್ಯದ ನಿಲ್ದಾಣಗಳ ಹೊತ್ತು ಏಕೆ ಹಾಕಿಲ್ಲ ಎಂದು ಕೇಳಿದರು. ಹಾಳೆಯಲ್ಲಿ ಇಲ್ಲದ್ದನ್ನು ನಾನು ಎಲ್ಲಿಂದ ತರಲಿ? ಅದರಲ್ಲಿರುವುದು ಇಲ್ಲಿಂದ ಹೊರಡುವ ಹೊತ್ತು ಮಾತ್ರ. ಮಾರ್ಗ ಎಂಬ ಅಂಕಣದಲ್ಲಿ ಬನಶಂಕರಿ, ಸೌತ್ ಎಂಡ್, ಮಿನರ್ವ ಎಂದು ಮೂರು ಹೆಸರಿವೆ. ಅವು ದಾರಿ ಯಾವುದು ಎಂದು ಹೇಳುತ್ತವೆಯೇ ಹೊರತು ಎಲ್ಲ ನಿಲ್ದಾಣಗಳ ಪಟ್ಟಿಯಲ್ಲ. ನಡುವಿನ ನಿಲ್ದಾಣಗಳನ್ನು ನಾನು ಬಸ್ಸಿನಲ್ಲಿ ಕುಳಿತು ಬರೆದುಕೊಂಡೆ. ಹೋಗುವಾಗ ಒಂದು ಪಟ್ಟಿ, ಬರುವಾಗ ಇನ್ನೊಂದು, ಏಕೆಂದರೆ ಒಮ್ಮುಖ ರಸ್ತೆಗಳಿಂದಾಗಿ ಎರಡೂ ಕಡೆಯ ನಿಲ್ದಾಣಗಳು ಒಂದೇ ಆಗಿಲ್ಲ. ಹೆಸರುಗಳನ್ನು ಹಾಕಿದ್ದೇನೆ. ಹೊತ್ತು ಹಾಕಿಲ್ಲ, ಹಾಕುವುದೂ ಇಲ್ಲ. ಬನಶಂಕರಿಯ ಸಿಗ್ನಲ್‌ನಲ್ಲಿ ಬೆಳಗಿನ ಆರಕ್ಕೆ ಹಿಡಿಯುವ ಸಮಯವೇ ಬೇರೆ, ಒಂಬತ್ತಕ್ಕೆ ಹಿಡಿಯುವ ಸಮಯವೇ ಬೇರೆ.

ಆದರೆ ಒಬ್ಬ ಮಹಾಶಯರು ನನ್ನ ಪಟ್ಟಿಯನ್ನೇ ತೆಗೆದುಕೊಂಡು, ಪ್ರತಿ ನಿಲ್ದಾಣಕ್ಕೂ ನಾಲ್ಕು ನಿಮಿಷದಂತೆ ಕೂಡಿಸುತ್ತಾ ಹೋಗಿ, ಎಲ್ಲ ಖಾಲಿ ಜಾಗಗಳನ್ನೂ ತುಂಬಿ, ನನ್ನ ಪ್ರಶ್ನಾರ್ಥಕ ಚಿಹ್ನೆಗಳನ್ನು ಅಳಿಸಿ, ಪೂರ್ಣ ವೇಳಾಪಟ್ಟಿ ಎಂದು ಹಂಚಿಬಿಟ್ಟರು. ಶಿವಾಜಿನಗರದ 5.4 ಈಗ ಸಂಜೆ 5.40 ಆಗಿದೆ. ಯಾರು ಹೇಳಿದರು? ಯಾರೂ ಹೇಳಿಲ್ಲ. ಅಂದಾಜು ಎಂಬ ಒಂದು ಪದವೂ ಅದರಲ್ಲಿಲ್ಲ. ನೋಡಲು ಚೆನ್ನಾಗಿದೆ, ಬಣ್ಣ ಬಣ್ಣವಾಗಿದೆ, ಆದ್ದರಿಂದ ಎಲ್ಲರೂ ಅದನ್ನೇ ಮುಂದಕ್ಕೆ ಕಳುಹಿಸುತ್ತಿದ್ದಾರೆ. ಹಾಳೆ ಅಂಟಿಸಿದವರದು ಅಲಕ್ಷ್ಯ, ಇವರದು ಸುಳ್ಳು. ಖಾಲಿ ಜಾಗ ಕಂಡರೆ ಜನ ಕಂಡಕ್ಟರನ್ನು ಕೇಳುತ್ತಾರೆ. ತುಂಬಿದ ಜಾಗ ಕಂಡರೆ ನಂಬಿ ಬಂದು ನಿಲ್ಲುತ್ತಾರೆ. ಅದನ್ನು ಹಿಂತೆಗೆದುಕೊಳ್ಳಿ ಎಂದು ನಾನು ಬರೆದದ್ದಕ್ಕೆ "ಏನೋ ಸೇವೆ ಮಾಡಿದರೆ ಅದಕ್ಕೂ ಕೊಂಕು" ಎಂಬ ಉತ್ತರ ಬಂತು.

ಈ ಹಾಳೆಯ ಮೂಲ ಕಡತ ಯಾರದೋ ಕಂಪ್ಯೂಟರಿನಲ್ಲಿ ಈಗಲೂ ಇದೆ. ಟೈಪ್ ಮಾಡಿಸಲು ಇಟ್ಟುಕೊಂಡ ಕೈಬರಹದ ಪ್ರತಿಯೂ ಎಲ್ಲೋ ಇರಲೇಬೇಕು. ಕಳೆದುಹೋದ ಸೊನ್ನೆ, ಕಳೆದುಹೋದ ಬೆಳಿಗ್ಗೆ ಸಂಜೆ ಸಿಗುವುದು ಆ ಪ್ರತಿಯಲ್ಲೇ. ಅದನ್ನು ನೋಡಿಕೊಂಡು ಎಲ್ಲ ಹೊತ್ತನ್ನೂ 04:05, 17:40 ಎಂಬಂತೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಬರೆದು ಹೊಸ ಹಾಳೆ ಹಾಕಿ ಎಂದು ಲಿಖಿತವಾಗಿ ಕೇಳಿದ್ದೇನೆ. ಜೊತೆಗೆ ಮೂರೂ ಸಾಲುಗಳ ತಪ್ಪನ್ನು ಒಂದೊಂದಾಗಿ ಗುರುತಿಸಿ ಕೊಟ್ಟಿದ್ದೇನೆ. ಸ್ವೀಕೃತಿಯ ಮುದ್ರೆ ಬಿದ್ದಿದೆ, ಹಾಳೆ ಬದಲಾಗಿಲ್ಲ. ಬದಲಾಗುವವರೆಗೆ ಕೇಳುತ್ತಲೇ ಇರುತ್ತೇನೆ. ಅಲ್ಲಿಯವರೆಗೆ ಹೂವಿನ ಅಮ್ಮನಿಗೆ ಬಾಯಲ್ಲೇ ಹೇಳಿದ್ದೇನೆ: ಮೊದಲ ಬಸ್ ನಾಲ್ಕು ಗಂಟೆ ಐದು ನಿಮಿಷಕ್ಕೆ, ಅದು ತಪ್ಪಿದರೆ ನಾಲ್ಕು ನಲವತ್ತಕ್ಕೆ.