ಟ್ರೇಡ್ ಲಾಗನ್ನು ಸೆಟಪ್‌ವಾರು ವಿಂಗಡಿಸಿದರೆ ಮೊದಲು ಕಾಣೋದು ಸೋರಿಕೆ

ಇಂಟ್ರಾಡೇ ಮಾಡುವವರಲ್ಲಿ ಬಹುತೇಕರು ನೋಡೋದು ಬ್ರೋಕರ್ ಆಪ್‌ನ ಪಿ ಆಂಡ್ ಎಲ್ ಪುಟದ ಕೊನೆಯ ಸಾಲನ್ನು ಮಾತ್ರ. ಅದು ಕೆಂಪಾಗಿದ್ದರೆ ‘ನನ್ನ ಸ್ಟ್ರಾಟಜಿ ಸರಿಯಿಲ್ಲ’ ಅಂತ ಇಡೀ ಪದ್ಧತಿಯನ್ನೇ ಬದಲಿಸುತ್ತಾರೆ. ನಿಜಕ್ಕೂ ಒಬ್ಬರ ಖಾತೆಯಲ್ಲಿ ಮೂರ್ನಾಲ್ಕು ಬೇರೆ ಬೇರೆ ವ್ಯಾಪಾರಗಳು ನಡೆದಿರುತ್ತವೆ, ಆ ಕೊನೆಯ ಸಾಲು ಅವೆಲ್ಲದರ ಮೊತ್ತ. 2022-23ರಲ್ಲಿ ಇಂಟ್ರಾಡೇ ಷೇರು ವಹಿವಾಟು ಮಾಡಿದ ಹತ್ತರಲ್ಲಿ ಏಳು ಮಂದಿ ನಷ್ಟ ಅನುಭವಿಸಿದ್ದಾರೆ ಅಂತ ಸೆಬಿ 2024ರಲ್ಲಿ ಹೇಳಿತು. ಆ ಏಳರಲ್ಲಿ ಒಬ್ಬರಾಗಿದ್ದರೆ ಮೊದಲು ತಿಳಿಯಬೇಕಾದದ್ದು ಹಣ ಯಾವ ಸೆಟಪ್‌ನಿಂದ, ಅಂದರೆ ಯಾವ ಬಗೆಯ ಟ್ರೇಡ್‌ನಿಂದ, ಹೋಗುತ್ತಿದೆ ಅನ್ನೋದು.

ಟ್ರೇಡ್‌ಬುಕ್ ಡೌನ್‌ಲೋಡ್ ಮಾಡಿದರೆ ಅರ್ಧ ಕೆಲಸವೂ ಆಗೋದಿಲ್ಲ. 250 ಷೇರಿನ ಒಂದು ಆರ್ಡರ್ ಮೂರು ಕಂತಿನಲ್ಲಿ ಫಿಲ್ ಆಗಿದ್ದರೆ ಅದರಲ್ಲಿ ಮೂರು ಸಾಲು ಬರುತ್ತದೆ. ಆರ್ಡರ್ ಐಡಿ ನೋಡಿ ಅವನ್ನು ಸೇರಿಸಿ, ಸರಾಸರಿ ಬೆಲೆ ಹಾಕಿ ಒಂದೇ ಸಾಲು ಮಾಡಿಕೊಳ್ಳಬೇಕು. ಇನ್ನು ಸೆಟಪ್ ಹೆಸರು, ನೀವು ಮೊದಲು ನಿರ್ಧರಿಸಿದ್ದ ಸ್ಟಾಪ್‌ಲಾಸ್, ಇವೆರಡೂ ಅಲ್ಲಿ ಇರೋದೇ ಇಲ್ಲ. ಅವನ್ನು ನೀವೇ ಬರೆಯಬೇಕು, ಅದೂ ಆರ್ಡರ್ ಹಾಕುವ ಮೊದಲು. ಸಂಜೆ ಕೂತು ಬರೆದರೆ ಸೋತ ಬ್ರೇಕ್‌ಔಟ್ ‘ಅವಸರದ ಟ್ರೇಡ್’ ಆಗುತ್ತದೆ, ಗೆದ್ದ ಅವಸರದ ಟ್ರೇಡ್ ‘ಬ್ರೇಕ್‌ಔಟ್’ ಆಗುತ್ತದೆ. ಹಾಗೆ ತುಂಬಿದ ಲಾಗ್‌ನಲ್ಲಿ ನಿಮಗೆ ಇಷ್ಟವಾದ ಸೆಟಪ್ಪೇ ಗೆಲ್ಲುತ್ತದೆ.

ಹೆಸರುಗಳು ಮೂರ್ನಾಲ್ಕು ಸಾಕು, ಆದರೆ ಪ್ರತಿಯೊಂದಕ್ಕೂ ಇನ್ನೊಬ್ಬರು ಓದಿದರೂ ಅದೇ ಚಾರ್ಟಲ್ಲಿ ಬೆರಳಿಡುವಷ್ಟು ಸ್ಪಷ್ಟ ವ್ಯಾಖ್ಯೆ ಬೇಕು. ORB, ಓಪನಿಂಗ್ ರೇಂಜ್ ಬ್ರೇಕ್‌ಔಟ್, ಅಂದರೆ 9:15ರಿಂದ 9:30ರ ಹೈ ಮೇಲೆ 5 ನಿಮಿಷದ ಕ್ಯಾಂಡಲ್ ಕ್ಲೋಸ್ ಆಗಬೇಕು, 11 ಗಂಟೆಯೊಳಗೆ. PB, ಪುಲ್‌ಬ್ಯಾಕ್, ಅಂದರೆ ವಿವ್ಯಾಪ್, ಅಂದರೆ ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ತೂಗಿದ ಆ ದಿನದ ಸರಾಸರಿ ಬೆಲೆಯ ಮೇಲಿರುವ ಷೇರು ಇಳಿದು ಅದನ್ನು ಮುಟ್ಟಿ, ಹಿಂದಿನ ಕ್ಯಾಂಡಲ್‌ನ ಹೈ ದಾಟಿ ಕ್ಲೋಸ್ ಆಗಬೇಕು. GAP ಅಂದರೆ 1%ಗಿಂತ ಹೆಚ್ಚು ಗ್ಯಾಪ್‌ಅಪ್ ಆದ ಷೇರು ಮೊದಲ 15 ನಿಮಿಷದ ಲೋ ಒಡೆದಾಗ ಶಾರ್ಟ್. ಈ ಮೂರಕ್ಕೂ ಹೊಂದದ್ದು OTH. ಈ ನಾಲ್ಕನೇ ಡಬ್ಬಿಯನ್ನು ನಾಚಿಕೆಯಿಂದ ಬಿಟ್ಟುಬಿಡಬೇಡಿ. ಬಿಟ್ಟರೆ ಅದರ ಕಸವೆಲ್ಲ ಬೇರೆ ಮೂರಕ್ಕೆ ಸೇರುತ್ತದೆ.

ಹೋಲಿಕೆ ರೂಪಾಯಿಯಲ್ಲಿ ಬೇಡ, R ಲೆಕ್ಕದಲ್ಲಿ ಮಾಡಿ. ಸ್ಟಾಪ್ ಹೊಡೆದರೆ ಎಷ್ಟು ಹೋಗುತ್ತದೋ ಅದು 1R. ರೂಪಾಯಿಯಲ್ಲಿ ನೋಡಿದರೆ ಒಂದು ದಿನ ದೊಡ್ಡ ಕ್ವಾಂಟಿಟಿ ಹಾಕಿದ ಸೆಟಪ್ ಉಳಿದವನ್ನು ಮುಚ್ಚಿಬಿಡುತ್ತದೆ. ಶೀಟ್‌ನಲ್ಲಿ B ಸೆಟಪ್, C ಎಂಟ್ರಿ, D ಮೊದಲ ಸ್ಟಾಪ್, E ಎಕ್ಸಿಟ್, F ಕ್ವಾಂಟಿಟಿ, G ಖರ್ಚು, H ನಿವ್ವಳ R:

```
H2:  =((E2-C2)*F2-G2)/((C2-D2)*F2)
ಸರಾಸರಿ:  =AVERAGEIF(B:B,"PB",H:H)
ದೊಡ್ಡದನ್ನು ಬಿಟ್ಟು:  =SUMIF(B:B,"ORB",H:H)-MAXIFS(H:H,B:B,"ORB")
```

ಶಾರ್ಟ್ ಆದರೆ ಕ್ವಾಂಟಿಟಿಯನ್ನು ಮೈನಸ್‌ನಲ್ಲಿ ಬರೆಯಿರಿ, ಅದೇ ಸೂತ್ರ ನಡೆಯುತ್ತದೆ. D ಕಾಲಂನಲ್ಲಿ ಟ್ರೇಲ್ ಮಾಡಿದ ಸ್ಟಾಪ್ ಬರೆದರೆ ಎಲ್ಲವೂ ಕೆಟ್ಟಂತೆ.

ಖರ್ಚಿನ ಕಾಲಂ ಬಗ್ಗೆ ಉದಾಸೀನ ಬೇಡ. 500 ರೂಪಾಯಿಯ ಷೇರು, 4 ರೂಪಾಯಿ ಸ್ಟಾಪ್, 250 ಷೇರು: ರಿಸ್ಕ್ 1000 ರೂಪಾಯಿ. ಆರ್ಡರಿಗೆ 20 ರೂಪಾಯಿ ಬ್ರೋಕರೇಜ್, ಮಾರುವಾಗ 0.025% ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ, ಸ್ಟ್ಯಾಂಪ್, ಜಿಎಸ್‌ಟಿ ಸೇರಿ ಸುಮಾರು 90 ರೂಪಾಯಿ, ಅಂದರೆ 0.09R. ಸ್ಟಾಪನ್ನು 2 ರೂಪಾಯಿಗೆ ಇಳಿಸಿ ಕ್ವಾಂಟಿಟಿ ದುಪ್ಪಟ್ಟು ಮಾಡಿದರೆ ರಿಸ್ಕ್ ಅಷ್ಟೇ ಇರುತ್ತದೆ, ಆದರೆ ಬ್ರೋಕರೇಜ್ ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಉಳಿದದ್ದೆಲ್ಲ ದುಪ್ಪಟ್ಟಾಗುತ್ತದೆ.

ಈಗ ಒಂದು ಮಾದರಿ ಲೆಕ್ಕ ನೋಡೋಣ. ಖರ್ಚು ಕಳೆದ 120 ಟ್ರೇಡ್, ಒಟ್ಟು −1.9R. ಹೆಚ್ಚುಕಡಿಮೆ ನಿಂತಲ್ಲೇ ನಿಂತ ಖಾತೆ. ವಿಂಗಡಿಸಿದರೆ ಹೀಗೆ:

PB: 34 ಟ್ರೇಡ್, 19 ಗೆಲುವು, ಒಟ್ಟು +6.3R
ORB: 46 ಟ್ರೇಡ್, 16 ಗೆಲುವು, ಒಟ್ಟು +5.4R
GAP: 22 ಟ್ರೇಡ್, 15 ಗೆಲುವು, ಒಟ್ಟು −4.3R
OTH: 18 ಟ್ರೇಡ್, 5 ಗೆಲುವು, ಒಟ್ಟು −9.3R

ಅತಿ ಹೆಚ್ಚು ಸಲ ಗೆದ್ದಿರೋದು GAP, ನೂರಕ್ಕೆ 68. ಕೇಳಿದರೆ ಆ ಟ್ರೇಡರ್ ‘ನನ್ನ ಕೈಹಿಡಿಯೋ ಸೆಟಪ್’ ಅಂತ ಅದನ್ನೇ ಹೇಳುತ್ತಾರೆ. ಆದರೆ ಅಲ್ಲಿ ಗೆದ್ದಾಗ ಬಂದ ಸರಾಸರಿ 0.6R, ಸೋತಾಗ ಹೋದದ್ದು 1.9R. ಖರ್ಚು ಸೇರಿಸಿದರೂ ಒಂದು ಸೋಲು 1.1R ಆಸುಪಾಸಿನಲ್ಲಿರಬೇಕು. 1.9 ಅಂದರೆ ಸ್ಟಾಪನ್ನು ಮೇಲಕ್ಕೆ ಸರಿಸಿದ್ದಾರೆ, ಇಲ್ಲವೇ ಹಾಕಿಯೇ ಇಲ್ಲ.

ಇಲ್ಲಿ ಎಲ್ಲರೂ ಎಡವುವ ತೀರ್ಮಾನ ಒಂದಿದೆ: ‘ಸೆಟಪ್ ಚೆನ್ನಾಗಿದೆ, ಶಿಸ್ತು ತಂದರೆ ಸಾಕು.’ ಸೋತ ಏಳನ್ನು 1.1Rಗೆ ಇಳಿಸಿ ಲೆಕ್ಕ ಹಾಕಿದರೆ +1.3R ಬರುತ್ತದೆ, ಖುಷಿಯಾಗುತ್ತದೆ. ಆದರೆ ಗೆದ್ದ ಹದಿನೈದರಲ್ಲಿ ಕೆಲವು ಗೆದ್ದದ್ದೇ ಸ್ಟಾಪ್ ಸರಿಸಿದ್ದರಿಂದ. ಹಾಗಾಗಿ ಶೀಟ್‌ಗೆ ಇನ್ನೊಂದು ಕಾಲಂ ಬೇಕು: ಟ್ರೇಡ್ ಓಪನ್ ಇದ್ದಷ್ಟು ಹೊತ್ತಿನಲ್ಲಿ ಬೆಲೆ ನಮ್ಮ ವಿರುದ್ಧ ಎಲ್ಲಿವರೆಗೆ ಹೋಯಿತು ಅಂತ. 5 ನಿಮಿಷದ ಚಾರ್ಟ್ ತೆರೆದರೆ ಟ್ರೇಡಿಗೆ ಅರ್ಧ ನಿಮಿಷದ ಕೆಲಸ. ಆ ಹದಿನೈದರಲ್ಲಿ ನಾಲ್ಕು ಮೊದಲ ಸ್ಟಾಪ್ ದಾಟಿ ವಾಪಸ್ ಬಂದಿದ್ದವು ಅಂತಿಟ್ಟುಕೊಳ್ಳಿ. ಆಗ ಗೆಲುವು 11, ಸೋಲು 11: 6.6 ಕಳೆ 12.1, ಅಂದರೆ −5.5R. ಶಿಸ್ತಿನಿಂದ ಮಾಡಿದ್ದರೆ ಇನ್ನೂ ಹೆಚ್ಚು ಹೋಗುತ್ತಿತ್ತು. ಸ್ಟಾಪ್ ಸರಿಸಿದ್ದು ಸೆಟಪ್‌ನ ದೌರ್ಬಲ್ಯವನ್ನು ಮುಚ್ಚಿಟ್ಟಿತ್ತು.

ORB ಬೇರೆ ಥರ. ಅದರಲ್ಲಿ ಒಂದು ಗೆಲುವು 8R. ಅದೊಂದನ್ನು ತೆಗೆದರೆ ಉಳಿದ 45 ಟ್ರೇಡ್‌ಗಳ ಮೊತ್ತ −2.6R. ಬ್ರೇಕ್‌ಔಟ್ ಸೆಟಪ್‌ಗಳು ಅಪರೂಪದ ದೊಡ್ಡ ಗೆಲುವಿನ ಮೇಲೇ ನಿಲ್ಲುತ್ತವೆ, ಆದ್ದರಿಂದ ಇದು ದೋಷವಲ್ಲ. ಆದರೆ ಒಂದೇ ಒಂದು ಅಂಥ ಟ್ರೇಡ್ ನೋಡಿ, ಅವು ಎಷ್ಟು ಟ್ರೇಡಿಗೊಮ್ಮೆ ಬರುತ್ತವೆ ಅಂತ ಹೇಳಲಾಗದು.

ಹಾಗಾದರೆ PB ದುಡಿಯುವ ಸೆಟಪ್ ಅಂತ ಆಯಿತಲ್ಲ? ಇನ್ನೂ ಇಲ್ಲ. ಟ್ರೇಡಿಗೆ ಸರಾಸರಿ 0.185R. ಒಂದೊಂದು ಟ್ರೇಡಿನ ಏರಿಳಿತ, ಅಂದರೆ ಆ R ಸಂಖ್ಯೆಗಳ STDEV, ಸುಮಾರು 1.15. ಅದನ್ನು 34ರ ವರ್ಗಮೂಲದಿಂದ ಭಾಗಿಸಿದರೆ 0.2. ಬರೀ ಅದೃಷ್ಟದಿಂದಲೇ ಸರಾಸರಿ ಅಷ್ಟು ಮೇಲೆ ಕೆಳಗೆ ಆಗಬಲ್ಲದು, ಹಾಗಾಗಿ 0.185 ಇನ್ನೂ ಆ ಮಂಜಿನೊಳಗೇ ಇದೆ. ಸರಾಸರಿ ಆ ಅಂಕಿಯ ಎರಡು ಪಟ್ಟು ಆಗಬೇಕೆಂದರೆ ಇದೇ ದರದಲ್ಲಿ ಸುಮಾರು 155 ಟ್ರೇಡ್ ಬೇಕು. OTH ನೋಡಿ: ಬರೀ 18 ಟ್ರೇಡ್, ಆದರೆ ಸರಾಸರಿ −0.52R, ಅದೃಷ್ಟದ ಅಂಕಿ 0.22. ಅಲ್ಲಿ ಈಗಲೇ ಎರಡು ಪಟ್ಟು ದಾಟಿದೆ. ಹಣ ತರುವ ಸೆಟಪ್ ಸಾಮಾನ್ಯವಾಗಿ ಅಲ್ಪ ಅಂತರದಲ್ಲಿ ಗೆಲ್ಲುತ್ತದೆ, ಕಳೆಯುವುದು ದೊಡ್ಡ ಅಂತರದಲ್ಲಿ ಕಳೆಯುತ್ತದೆ. ಅದಕ್ಕೇ ಎರಡನೆಯದು ಬೇಗ ಸಿಕ್ಕಿಬೀಳುತ್ತದೆ.

ಆದ್ದರಿಂದ ಈ ಶೀಟ್ ನೋಡಿದವರು PB ಕ್ವಾಂಟಿಟಿ ಹೆಚ್ಚಿಸೋದು ತಪ್ಪು ಅನ್ನೋದು ನನ್ನ ಖಚಿತ ಅಭಿಪ್ರಾಯ. OTH ಇವತ್ತೇ ನಿಲ್ಲಿಸಿ, GAP ಅನ್ನು ಹಣ ಹಾಕದೆ ಕಾಗದದ ಮೇಲೆ ಮಾತ್ರ ದಾಖಲಿಸಿ, PB ಮತ್ತು ORB ಅದೇ ಕ್ವಾಂಟಿಟಿಯಲ್ಲಿ ಮುಂದುವರಿಯಲಿ. ಸೋಮವಾರದ PB, ಬ್ಯಾಂಕ್ ಷೇರಿನ PB, 10 ಗಂಟೆಯೊಳಗಿನ PB ಅಂತ ಒಳಗೊಳಗೆ ಒಡೆಯಲು ಹೋಗಬೇಡಿ. ಒಂದೊಂದು ಗುಂಪಿಗೆ ಐದಾರು ಟ್ರೇಡ್ ಉಳಿಯುತ್ತದೆ, ಯಾವುದೋ ಒಂದು ಆಕಸ್ಮಿಕವಾಗಿ ಹೊಳೆಯುತ್ತದೆ. ಮಾಡಲೇಬೇಕಾದ ಒಡೆತ ಒಂದೇ: ದಿನಾಂಕದ ಪ್ರಕಾರ ಮೊದಲ 17, ಕೊನೆಯ 17. ಲಾಭವೆಲ್ಲ ಒಂದೇ ಅರ್ಧದಲ್ಲಿದ್ದರೆ, ಆ ವಾರಗಳಲ್ಲಿ ನಿಫ್ಟಿ ಒಂದೇ ದಿಕ್ಕಿಗೆ ಓಡಿತ್ತೇ ಅಂತ ಚಾರ್ಟ್ ತೆರೆದು ನೋಡಿ.