‘ವೇಗ’ ಸರಿಯಾಗೇ ಇತ್ತು, ಪ್ರಶ್ನೆ ಕೆಟ್ಟಿತ್ತು

ಎರಡು ಭಾಷೆಯ ಪ್ರಶ್ನೆಪತ್ರಿಕೆ ತೆಗೆಯುವಾಗ ನಾನೇ ಎಡವಿದ ಕಥೆ ಇದು. ಒಂಬತ್ತನೇ ತರಗತಿ ವಿಜ್ಞಾನ. ಓಟಗಾರನೊಬ್ಬ 400 ಮೀಟರ್ ಟ್ರ್ಯಾಕ್‌ನಲ್ಲಿ ಪೂರ್ತಿ ಒಂದು ಸುತ್ತು ಓಡಿ, 80 ಸೆಕೆಂಡಿಗೆ ಹೊರಟ ಜಾಗಕ್ಕೇ ಬರುತ್ತಾನೆ. ಅವನ ಸರಾಸರಿ ವೇಗ ಎಷ್ಟು? ಆಯ್ಕೆಗಳಲ್ಲಿ ಸೊನ್ನೆಯೂ ಇತ್ತು, ಸೆಕೆಂಡಿಗೆ 5 ಮೀಟರ್ ಕೂಡ ಇತ್ತು. ಇಂಗ್ಲಿಷ್ ಕಡೆ ‘ವೆಲಾಸಿಟಿ’ ಅಂತ ಕೇಳಿದ್ದೆ. ಅದರ ಲೆಕ್ಕ ಓಡಿದ ದೂರದಿಂದಲ್ಲ, ಸ್ಥಾನಪಲ್ಲಟದಿಂದ, ಅಂದರೆ ಹೊರಟ ಜಾಗದಿಂದ ನಿಂತ ಜಾಗಕ್ಕಿರುವ ನೇರ ಅಂತರದಿಂದ. ಹೊರಟಲ್ಲಿಗೇ ಬಂದ ಮೇಲೆ ಸ್ಥಾನಪಲ್ಲಟ ಸೊನ್ನೆ, ಹಾಗಾಗಿ ಉತ್ತರವೂ ಸೊನ್ನೆ.

ಕನ್ನಡ ಮಾಧ್ಯಮದ ಮಕ್ಕಳಲ್ಲಿ ಜಾಸ್ತಿ ಜನ 5 ಅಂತ ಗುರುತು ಹಾಕಿದ್ದರು. ಚೆನ್ನಾಗಿ ಓದುವವರೂ!

ಅನುವಾದದಲ್ಲಿ ತಪ್ಪಿರಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಸ್ಪೀಡ್‌ಗೆ ಜವ, ವೆಲಾಸಿಟಿಗೆ ವೇಗ. ಆದರೆ ಮನೆಯಲ್ಲಿ, ರಸ್ತೆಯಲ್ಲಿ ಆ ಮಗು ವೇಗ ಅನ್ನುವುದು ಸ್ಪೀಡ್‌ಗೇ. ಬಸ್ಸು ವೇಗವಾಗಿ ಹೋಗುತ್ತೆ, ಜವವಾಗಿ ಅಲ್ಲ. ವೆಲಾಸಿಟಿ ಅನ್ನುವ ಪದ ಪುಸ್ತಕದ ಹೊರಗೆ ಅಷ್ಟಾಗಿ ಸಿಗುವುದಿಲ್ಲ, ಹಾಗಾಗಿ ಕಂಡ ತಕ್ಷಣ ‘ಇಲ್ಲೇನೋ ಇದೆ’ ಅಂತ ಎಚ್ಚರಿಸುತ್ತದೆ. ವೇಗ ಸುಮ್ನೆ ಜಾರಿಕೊಂಡು ಹೋಗುತ್ತದೆ. ಪದ ಒಂದೇ ಅರ್ಥದ್ದು, ಕಷ್ಟ ಮಾತ್ರ ಬೇರೆ ಬೇರೆ.

ಮೊದಲು ಹೊಳೆದ ಪರಿಹಾರ, ಕನ್ನಡದಲ್ಲಿ ‘ಸ್ಥಾನಪಲ್ಲಟವನ್ನು ಗಮನಿಸಿ’ ಅಂತ ಸೇರಿಸುವುದು. ಹಾಗೆ ಮಾಡಿದರೆ ಉತ್ತರವನ್ನು ಕೈಗೇ ಕೊಟ್ಟಂತೆ. ಆಗ ಇಂಗ್ಲಿಷ್‌ನವರಿಗೆ ಅನ್ಯಾಯ. ಕೊನೆಗೆ ಎರಡೂ ಭಾಷೆಯ ಪ್ರಶ್ನೆಯನ್ನು ಬದಲಿಸಿದೆ: ‘ಅವನ ಸರಾಸರಿ ಜವ ಮತ್ತು ಸರಾಸರಿ ವೇಗ ಎಷ್ಟೆಷ್ಟು?’ ಪಕ್ಕದಲ್ಲಿ ಜವ ಕಂಡಾಗ ವೇಗ ಪುಸ್ತಕದ ಪದವಾಗಿಬಿಡುತ್ತದೆ. ಆಮೇಲೆ ಲೆಕ್ಕ ಗೊತ್ತಿದ್ದವನಿಗೆ ಅಂಕ.

ಇದು ಉಲ್ಟಾನೂ ಆಗುತ್ತೆ. ‘ಮೂರೂ ಬಾಹುಗಳು ಸಮವಾಗಿರುವ ತ್ರಿಭುಜದ ಹೆಸರೇನು?’ ಇಂಗ್ಲಿಷ್‌ನಲ್ಲಿ ಇದಕ್ಕೆ ಹೆಸರು ನೆನಪಿರಬೇಕು. ಕನ್ನಡದ ಆಯ್ಕೆಯಲ್ಲಿ ‘ಸಮಬಾಹು’ ಅಂತ ಬರೆದೇ ಇದೆ, ಓದಲು ಬಂದರೆ ಸಾಕು. ಅದರ ಬದಲು ಆ ತ್ರಿಭುಜದ ಒಂದು ಕೋನದ ಅಳತೆ ಕೇಳಿ. 60 ಡಿಗ್ರಿ ಅನ್ನುವುದು ಯಾವ ಭಾಷೆಯ ಹೆಸರಲ್ಲೂ ಅಡಗಿ ಕೂತಿಲ್ಲ.

ಪದಗಳ ವಿಷಯದಲ್ಲಿ ನನ್ನದು ಹಟ. ಬರೆಯಲು ಕೂರುವ ಮೊದಲೇ ಪಾಠದ ಪದಗಳನ್ನು ಈಗಿನ ಪಠ್ಯಪುಸ್ತಕದಿಂದ ಪಟ್ಟಿ ಮಾಡಿಕೊಳ್ಳುತ್ತೇನೆ. ಮೂರನೇ ಪ್ರಶ್ನೆಯಲ್ಲಿ ವೇಗೋತ್ಕರ್ಷ, ಹದಿನೇಳರಲ್ಲಿ ತ್ವರಣ ಅಂದರೆ ಮಗು ಅವೆರಡೂ ಬೇರೆ ಅಂದುಕೊಳ್ಳುತ್ತದೆ. ‘ಬಾಡಿ’ ಅಂದರೆ ಕಾಯ, ದೇಹ ಅಲ್ಲ. ನಿಘಂಟು ನೋಡಿ ಬರೆದ ಪತ್ರಿಕೆಯಲ್ಲಿ ದೇಹಗಳು ಇಳಿಜಾರಿನಲ್ಲಿ ಉರುಳಿದ್ದನ್ನು ನಾನು ಕಂಡಿದ್ದೇನೆ.

‘ಅಲ್ಲ’ ಕೂಡ ಕಾಡುತ್ತದೆ. ಇಂಗ್ಲಿಷ್‌ನಲ್ಲಿ ಅದು ವಾಕ್ಯದ ನಡುವೆ ದಪ್ಪ ಅಕ್ಷರದಲ್ಲಿ ನಿಂತಿರುತ್ತದೆ. ಕನ್ನಡದಲ್ಲಿ ವಾಕ್ಯದ ಕೊನೆಗೆ ಹೋಗಿ ‘ಸರಿಯಲ್ಲ’ ಎಂದು ಅಂಟಿಕೊಳ್ಳುತ್ತದೆ, ದಪ್ಪ ಮಾಡಲು ಮರೆತೂ ಹೋಗುತ್ತದೆ. ನಾನು ಆ ಪ್ರಶ್ನೆಯನ್ನು ಎರಡು ವಾಕ್ಯ ಮಾಡಿ, ಕೊನೆಯ ಪದವನ್ನು ದಪ್ಪ ಮಾಡುತ್ತೇನೆ.

ಇಷ್ಟೆಲ್ಲ ಮಾಡಿದರೂ ಬರೆದವನ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಎರಡೂ ಭಾಷೆ ಅವನ ತಲೆಯಲ್ಲೇ ಇರುತ್ತವಲ್ಲ! ಅದಕ್ಕೇ ಪತ್ರಿಕೆಯನ್ನು ಇಬ್ಬರಿಂದ ಬಿಡಿಸಬೇಕು. ಒಬ್ಬರಿಗೆ ಕನ್ನಡದ್ದು ಮಾತ್ರ, ಇನ್ನೊಬ್ಬರಿಗೆ ಇಂಗ್ಲಿಷ್‌ನದು ಮಾತ್ರ. ಉತ್ತರ ಎಲ್ಲಿ ಬೇರೆಯಾಯಿತು, ಎಲ್ಲಿ ಯಾರು ಎರಡು ಸಲ ಓದಿದರು ಅಂತ ಗುರುತು ಹಾಕಿಸಬೇಕು. ಪಕ್ಕಪಕ್ಕ ಇಟ್ಟು ಹೋಲಿಸಿದರೆ ಪ್ರಯೋಜನವಿಲ್ಲ. ಕನ್ನಡದಲ್ಲಿ ಗೊಂದಲವಿದ್ದರೆ ಕಣ್ಣು ಇಂಗ್ಲಿಷ್‌ಗೆ ಜಾರಿ ಅರ್ಥ ತುಂಬಿಕೊಳ್ಳುತ್ತದೆ. ಕನ್ನಡ ಮಾತ್ರ ಓದುವ ಮಗುವಿಗೆ ಆ ಸೌಕರ್ಯ ಇಲ್ಲ.

ಹಲವು ಪತ್ರಿಕೆಗಳ ಮೇಲೆ ‘ಗೊಂದಲವಿದ್ದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ’ ಅಂತ ಅಚ್ಚಾಗಿರುತ್ತದಲ್ಲ, ಅದನ್ನು ಕಂಡರೆ ನನಗೆ ಸಿಟ್ಟು. ಇಂಗ್ಲಿಷ್ ಬರದವನಿಗೆ ಇಂಗ್ಲಿಷ್ ನೋಡಿಕೋ ಅಂದರೆ ಏನರ್ಥ? 2024ರ ಆಗಸ್ಟ್ 27ರ ಕೆಪಿಎಸ್‌ಸಿ ಪ್ರಿಲಿಮ್ಸ್ ನೆನಪಿರಬಹುದು. ಕನ್ನಡ ಅನುವಾದದ ತಪ್ಪುಗಳಿಗೆ ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಅದರಲ್ಲೂ ಅನುವಾದದ ಬಗ್ಗೆ ದೂರು ಬಂತು.

ಪರೀಕ್ಷೆ ಮುಗಿದ ಮೇಲೂ ಒಂದು ಕೆಲಸ ಇದೆ. ಒಟ್ಟು ಅಂಕ ಹೆಚ್ಚುಕಮ್ಮಿ ಒಂದೇ ಇರುವ ಎರಡೂ ಮಾಧ್ಯಮದ ಮಕ್ಕಳನ್ನು ತೆಗೆದುಕೊಂಡು, ಪ್ರಶ್ನೆ ಪ್ರಶ್ನೆಗೆ ಸರಿ ಉತ್ತರ ಎಣಿಸಿ. ಒಂದೇ ಒಂದು ಪ್ರಶ್ನೆಯಲ್ಲಿ ದೊಡ್ಡ ಅಂತರ ಕಂಡರೆ ಮೊದಲು ಪ್ರಶ್ನೆಯ ಮೇಲೆ ಅನುಮಾನಪಡಿ, ಮಕ್ಕಳ ಮೇಲಲ್ಲ. ಹತ್ತಿಪ್ಪತ್ತು ಮಕ್ಕಳ ತರಗತಿಯಲ್ಲಿ ಈ ಎಣಿಕೆ ನಂಬುವಂತಿಲ್ಲ. ಅಲ್ಲಿ ಐದು ಮಕ್ಕಳನ್ನು ಕರೆದು ‘ಯಾಕೆ 5 ಅಂತ ಹಾಕಿದೆ?’ ಅಂತ ಕೇಳಿದರೆ ಸಾಕು. ನನಗೆ ಒಬ್ಬಳು ಹೇಳಿದ್ದು: ‘ಸರ್, ಅವನು ಓಡ್ತಾನೇ ಇದ್ನಲ್ಲ, ವೇಗ ಸೊನ್ನೆ ಹೇಗಾಗುತ್ತೆ?’