ಮೋಡದ ಹೊಟ್ಟೆ ನೋಡ್ಬೇಡಿ, ತಲೆ ನೋಡಿ

ಆಕಾಶದ ಫೋಟೋ ಹಾಕಿ "ಇವತ್ತು ಮಳೆ ಬರುತ್ತಾ?" ಅಂತ ಯಾರಾದರೂ ಕೇಳಿದರೆ ಕೆಳಗೆ ಬರುವ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೋಡ ಕಪ್ಪಗಿದ್ದರೆ "ಇವತ್ತು ಗ್ಯಾರಂಟಿ", ಬೆಳ್ಳಗಿದ್ದರೆ "ಏನೂ ಇಲ್ಲ ಬಿಡಿ". ಈ ಕಪ್ಪು-ಬಿಳುಪಿನ ಲೆಕ್ಕ ಬಿಟ್ಟುಬಿಡಿ ಅನ್ನೋದೇ ನನ್ನ ವಾದ. ಫೋಟೋದಲ್ಲಿ ಮೋಡದ ಬಣ್ಣದಷ್ಟು ದಾರಿ ತಪ್ಪಿಸುವುದು ಇನ್ನೊಂದಿಲ್ಲ.

ಮೋಡದ ತಳ ಕಪ್ಪಗೆ ಕಾಣುತ್ತದೆ ಅಂದರೆ ಮೇಲಿನ ಬೆಳಕು ಕೆಳಗೆ ಕಡಿಮೆ ಬರುತ್ತಿದೆ ಅಂತ ಅರ್ಥ, ಅಷ್ಟೇ. ಅದರ ಮೇಲೆ ಫೋನ್ ಕ್ಯಾಮೆರಾ ತನ್ನ ಕೆಲಸ ಸೇರಿಸುತ್ತದೆ. ಫ್ರೇಮಿನ ಒಂದು ಮೂಲೆಯಲ್ಲಿ ಬಿಸಿಲು ಜೋರಾಗಿದ್ದರೆ ಕ್ಯಾಮೆರಾ ಅದಕ್ಕೆ ತಕ್ಕಂತೆ ಬೆಳಕು ಇಳಿಸಿಬಿಡುತ್ತದೆ, ಆಗ ಒಂದು ಹನಿಯೂ ಸುರಿಸದ, ಕೆಳಮಟ್ಟದಲ್ಲಿ ಹಾಸಿಕೊಂಡಿರುವ ಸಾಮಾನ್ಯ ಸ್ಟ್ರಾಟೋಕ್ಯುಮುಲಸ್ ಮೋಡ ಕೂಡ ಕಾರ್ಮೋಡದ ಹಾಗೆ ಕಾಣುತ್ತದೆ. ಇನ್ನೊಂದು ಕಡೆ, ದೂರದಲ್ಲಿ ನಿಂತಿರುವ, ಬಿಸಿಲು ನೇರ ಬೀಳುತ್ತಿರುವ ಗುಡುಗು ಮೋಡ ಕಣ್ಣು ಕುಕ್ಕುವಷ್ಟು ಬಿಳಿ! ಅದರಡಿಯಲ್ಲಿ ಇರುವವರಿಗೆ ಆಗಲೇ ಸಿಡಿಲು, ಆಲಿಕಲ್ಲು ಎಲ್ಲ ಆಗುತ್ತಿರಬಹುದು, ನಮ್ಮ ಫೋಟೋದಲ್ಲಿ ಮಾತ್ರ ಅದು ಸುಂದರವಾದ ಬಿಳಿ ಬೆಟ್ಟ.

ಹಾಗಾದರೆ ಏನು ನೋಡಬೇಕು? ಮೋಡದ ತಲೆಯ ಅಂಚು. ಎತ್ತರಕ್ಕೆ ಬೆಳೆಯುವ ಮೋಡಗಳ ವಿಷಯದಲ್ಲಿ ಫೋಟೋ ಕೊಡುವ ಅತ್ಯಂತ ನಂಬಿಕೆಯ ಸುಳಿವು ಇದೇ.

ಗೆಳೆಯರೊಬ್ಬರು ಒಂದೇ ಕಿಟಕಿಯಿಂದ, ಒಂದೇ ದಿಕ್ಕಿಗೆ, ಜೂಮ್ ಮಾಡದೆ ತೆಗೆದ ನಾಲ್ಕು ಫೋಟೋ ಕಳಿಸಿದ್ದರು. ಮೊದಲನೆಯದು ಬೆಳಿಗ್ಗೆ 11ರದ್ದು. ಚಿಕ್ಕ ಚಿಕ್ಕ ಕ್ಯುಮುಲಸ್ ತುಂಡುಗಳು, ತಳ ಚಪ್ಪಟೆ, ಎತ್ತರಕ್ಕಿಂತ ಅಗಲವೇ ಜಾಸ್ತಿ. ಇವು ಹೀಗೇ ಉಳಿದರೆ ಸಂಜೆವರೆಗೂ ಚಿಂತೆ ಇಲ್ಲ. ಒಂದೂವರೆಗೆ ತೆಗೆದದ್ದರಲ್ಲಿ ಒಂದು ಮೋಡ ಅಗಲಕ್ಕಿಂತ ಎತ್ತರ ಆಗಿದೆ, ತಲೆ ಹೂಕೋಸಿನ ಹಾಗೆ ಗಂಟು ಗಂಟು, ಅಂಚು ಕತ್ತರಿಸಿಟ್ಟಷ್ಟು ಸ್ಪಷ್ಟ. ಇದು ಕ್ಯುಮುಲಸ್ ಕಂಜೆಸ್ಟಸ್. ಇಷ್ಟಕ್ಕೇ ಒಂದು ಜೋರು ಮಳೆ ಬಂದು ಹೋಗಬಹುದು, ಆದರೆ ಸಾಮಾನ್ಯವಾಗಿ ಗುಡುಗು ಇನ್ನೂ ಇರುವುದಿಲ್ಲ.

ಮೂರನೆಯದು 2.40ಕ್ಕೆ ತೆಗೆದದ್ದು. ಸುಮ್ನೆ ಕಣ್ಣಾಡಿಸಿದರೆ ಎರಡನೆಯದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ತಲೆಯ ಭಾಗವನ್ನು ದೊಡ್ಡದು ಮಾಡಿ ನೋಡಿ: ಗಂಟುಗಳು ಕರಗಿವೆ, ಅಂಚು ಮೆತ್ತಗಾಗಿದೆ, ಎಲ್ಲಿ ಮೋಡ ಮುಗಿದು ಎಲ್ಲಿ ನೀಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಮಧ್ಯದ ಭಾಗ ಮಾತ್ರ ಇನ್ನೂ ಗಟ್ಟಿಯಾಗಿ, ಸ್ಪಷ್ಟವಾಗಿಯೇ ಇದೆ. ಈ ಕ್ಷಣದಿಂದ ಅದರ ಹೆಸರು ಕ್ಯುಮುಲೋನಿಂಬಸ್, ಅಂದರೆ ಗುಡುಗು ಮೋಡ. 3.10ರ ನಾಲ್ಕನೇ ಫೋಟೋದಲ್ಲಿ ತಲೆ ನಾರು ನಾರಾಗಿ ಬಲಕ್ಕೆ ಹರಡಿ ಚಪ್ಪಟೆಯಾಗಿದೆ, ಇದನ್ನು ಆನ್ವಿಲ್ ಅಂತಾರೆ. ಗುಡುಗು ಕೇಳಿಸಿದ್ದು ಮೂರನೇ ಮತ್ತು ನಾಲ್ಕನೇ ಫೋಟೋಗಳ ನಡುವೆ ಅಂತ ಅವರೇ ಬರೆದಿದ್ದರು.

ಅಂಚು ಮೆತ್ತಗಾಗುವುದು ಯಾಕೆ ಅಷ್ಟು ಮುಖ್ಯ ಅಂದರೆ, ಅದು ಮೋಡದ ತಲೆಯಲ್ಲಿ ನೀರು ಹೆಪ್ಪುಗಟ್ಟಿ ಮಂಜುಗಡ್ಡೆ ಆಗುತ್ತಿದೆ ಅನ್ನೋದರ ಗುರುತು. ನೀರಿನ ಹನಿಗಳಿರುವ ಮೋಡದ ಅಂಚಿಗೆ ಒಣ ಗಾಳಿ ತಾಗಿದ ಕೂಡಲೇ ಆ ಹನಿಗಳು ಆರಿ ಮಾಯವಾಗುತ್ತವೆ, ಅದಕ್ಕೇ ಅಂಚು ಚೂಪು. ಮಂಜಿನ ಹರಳುಗಳು ಅಷ್ಟು ಬೇಗ ಆರುವುದಿಲ್ಲ, ಗಾಳಿಯಲ್ಲಿ ಎಳೆ ಎಳೆಯಾಗಿ ತೇಲಿ ಹರಡುತ್ತವೆ. ಇದರಲ್ಲಿ ಇನ್ನೊಂದು ವಿಷಯ ಇದೆ. ಮೋಡದೊಳಗಿನ ನೀರು ಸೊನ್ನೆ ಡಿಗ್ರಿಗೇ ಹೆಪ್ಪುಗಟ್ಟಬೇಕು ಅಂತೇನಿಲ್ಲ, ಮೈನಸ್ 10, ಮೈನಸ್ 20ರಲ್ಲೂ ಹನಿಯಾಗಿಯೇ ಉಳಿಯಬಲ್ಲದು. ಅಂದರೆ ತಲೆ ಮಂಜಾಯಿತು ಅಂದರೆ ಮೋಡ ತುಂಬಾ ಮೇಲೆ, ತುಂಬಾ ತಣ್ಣಗಿನ ಜಾಗಕ್ಕೆ ಮುಟ್ಟಿದೆ ಅಂತ. ಒಳಗೆ ಮಂಜಿನ ಹರಳುಗಳೂ ಮೆತ್ತನೆಯ ಆಲಿಕಲ್ಲಿನ ಕಾಳುಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುತ್ ಬೇರ್ಪಡುತ್ತದೆ, ಮಿಂಚು ಹುಟ್ಟುವುದು ಅಲ್ಲಿಂದ. ಹಾಗಾಗಿ ಅಂಚು ಮಸುಕಾಗಿದ್ದು ಕಂಡರೆ ಮಿಂಚು ಶುರುವಾಗಿರಬಹುದು ಅಂತಲೇ ಲೆಕ್ಕ ಹಾಕಿ.

ಇಲ್ಲಿ ಒಂದು ಎಚ್ಚರಿಕೆ. ಫೋನಿನ ಎಚ್‌ಡಿಆರ್, ಫಿಲ್ಟರ್ ಇವೆಲ್ಲ ಅಂಚನ್ನು ಕೃತಕವಾಗಿ ಚೂಪು ಮಾಡುತ್ತವೆ, ಫೋಕಸ್ ತಪ್ಪಿದರೆ ಅಥವಾ ಗಾಳಿಯಲ್ಲಿ ಧೂಳಿದ್ದರೆ ಉಲ್ಟಾ, ಎಲ್ಲವೂ ಮಸುಕು. ಅದಕ್ಕೇ ಅದೇ ಫೋಟೋದಲ್ಲಿ ಮೋಡದ ಮಧ್ಯದ ಅಂಚನ್ನೂ ತಲೆಯ ಅಂಚನ್ನೂ ಹೋಲಿಸಿ ನೋಡಬೇಕು. ಮಧ್ಯ ಚೂಪಾಗಿದ್ದು ತಲೆ ಮಾತ್ರ ಮಸುಕಾಗಿದ್ದರೆ ಅದು ನಿಜವಾದ ಬದಲಾವಣೆ. ಎರಡೂ ಮಸುಕಾಗಿದ್ದರೆ ಅದು ಕ್ಯಾಮೆರಾದ ಅಥವಾ ಧೂಳಿನ ಕೆಲಸ ಇರಬಹುದು.

ಆಮೇಲೆ ದೂರದ ಪ್ರಶ್ನೆ. ಜೂಮ್ ಮಾಡಿ ತೆಗೆದ ಮೋಡ ತಲೆ ಮೇಲೆ ಬಂದಂತೆ ಕಾಣುತ್ತದೆ, ಆದರೆ ಎಷ್ಟೋ ದೂರ ಇರಬಹುದು. ಸ್ಥಳದಲ್ಲಿದ್ದವರಿಗೆ ಸುಲಭದ ಉಪಾಯ ಇದೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮೋಡದ ತುದಿ ಸುಮಾರು 11 ಕಿಲೋಮೀಟರ್ ಎತ್ತರದಲ್ಲಿದೆ ಅಂದುಕೊಂಡರೆ, ದಿಗಂತದಿಂದ ಒಂದು ಮುಷ್ಟಿ ಎತ್ತರ ಕಂಡರೆ ಅದು ಸುಮಾರು 60 ಕಿಲೋಮೀಟರ್ ದೂರ, ಎರಡು ಮುಷ್ಟಿ ಕಂಡರೆ ಸುಮಾರು 30. ಲೆಕ್ಕ ಒರಟು, ಯಾಕಂದರೆ ಈ ಮೋಡಗಳು ಇನ್ನೂ ಎತ್ತರಕ್ಕೆ ಹೋಗುವುದೂ ಇದೆ, ಆದರೂ ಬಟ್ಟೆ ಈಗಲೇ ಒಳಗೆ ತರಬೇಕಾ ಬೇಡ್ವಾ ಅನ್ನೋದಕ್ಕೆ ಸಾಕು. ಆನ್ವಿಲ್ ಯಾವ ಕಡೆ ಉದ್ದ ಚಾಚಿದೆ ಅನ್ನೋದು ಮೇಲಿನ ಗಾಳಿಯ ದಿಕ್ಕು. ಅದು ನಿಮ್ಮ ಕಡೆಗೇ ಚಾಚುತ್ತಿದ್ದರೆ ಮಳೆಯೂ ಈ ಕಡೆ ಬರುವ ಸಾಧ್ಯತೆ ಜಾಸ್ತಿ, ಖಾತ್ರಿ ಅಲ್ಲ.

ಬೆಳಗಿನ ಫೋಟೋಗಳಲ್ಲಿ ನಾನು ಹುಡುಕುವುದು ಬೇರೆಯೇ ಒಂದನ್ನ. ಮಧ್ಯಮ ಎತ್ತರದಲ್ಲಿ ಒಂದು ಸಾಲು ಮೋಡ, ತಳ ಎಲ್ಲಕ್ಕೂ ಒಂದೇ ಗೆರೆಯಲ್ಲಿ, ಮೇಲೆ ಮಾತ್ರ ಸಣ್ಣ ಸಣ್ಣ ಗೋಪುರಗಳು ಎದ್ದಿರುತ್ತವೆ. ಇದು ಆಲ್ಟೊಕ್ಯುಮುಲಸ್ ಕ್ಯಾಸ್ಟೆಲೇನಸ್. ತುಂಬಾ ಚಿಕ್ಕದು, ಬಿಳಿ, ನೋಡಲು ಪಾಪದ್ದು, ಹೆಚ್ಚಿನವರು ಗಮನಿಸುವುದೇ ಇಲ್ಲ. ಆದರೆ ಮೇಲಿನ ಗಾಳಿ ಆಗಲೇ ಅಸ್ಥಿರವಾಗಿದೆ ಅಂತ ಅದು ಹೇಳುತ್ತಿರುತ್ತದೆ. ನೆಲದ ಹತ್ತಿರ ತೇವವೂ ಇದ್ದು ಮಧ್ಯಾಹ್ನದ ಬಿಸಿಲೂ ಸೇರಿದರೆ ಅದೇ ದಿನ ಗುಡುಗು ಮಳೆ ಆಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಫೋಟೋ ಒಂದೇ ನೋಡಿ ಗಂಟೆಗಳ ಮುಂಚೆ ಇಷ್ಟು ಹೇಳಲು ಬಿಡುವ ಮೋಡಗಳು ಜಾಸ್ತಿ ಇಲ್ಲ.

ಇದೆಲ್ಲ ಕೆಲಸ ಮಾಡುವುದು ಮೋಡ ಪಕ್ಕದಿಂದ ಕಾಣುವಾಗ. ತಲೆ ಮೇಲೆ ಬಂದ ಮೇಲೆ ಕಾಣುವುದು ತಳ ಮಾತ್ರ, ಆಗ ಅದು ಯಾವ ಮೋಡ ಅಂತ ಫೋಟೋದಿಂದ ಹೇಳಲು ಆಗುವುದಿಲ್ಲ. ಅಂಥ ಹೊತ್ತಲ್ಲಿ ಉದ್ದಕ್ಕೆ, ಕೆಳಮಟ್ಟದಲ್ಲಿ, ಪದರ ಪದರವಾಗಿ ಮುಂದೆ ಸರಿದು ಬರುವ ಅಂಚೊಂದು ಕಂಡರೆ ಅದು ಶೆಲ್ಫ್ ಮೋಡ. ಮಳೆಗಿಂತ ಮುಂಚೆ ತಣ್ಣನೆ ಬಿರುಗಾಳಿ ನುಗ್ಗುತ್ತದೆ, ಅದಕ್ಕೆ ಕೆಲವೇ ನಿಮಿಷ ಉಳಿದಿರುತ್ತದೆ.

ಹಾಗಾಗಿ ಫೋಟೋ ಹಾಕುವವರಲ್ಲಿ ನನ್ನ ಕೋರಿಕೆ: ಒಂದರ ಬದಲು ಎರಡು ಹಾಕಿ, 15 ನಿಮಿಷದ ಅಂತರದಲ್ಲಿ, ನಿಂತ ಜಾಗ ಬದಲಿಸದೆ, ದಿಗಂತ ಕಾಣುವಂತೆ, ಜೂಮ್ ಇಲ್ಲದೆ. ತೆಗೆದ ಸಮಯ ಮತ್ತು ದಿಕ್ಕು ಬರೆಯಿರಿ. ಫಿಲ್ಟರ್ ಬೇಡವೇ ಬೇಡ. ಮತ್ತೆ ಗುಡುಗು ಕೇಳಿಸಿತು ಅಂದರೆ ಎರಡನೇ ಫೋಟೋಗೆ ಅಂತ ಟೆರೇಸ್ ಮೇಲೆ ಕಾಯಬೇಡಿ, ಒಳಗೆ ಬನ್ನಿ. ಮಳೆ ಬೀಳುವ ಜಾಗದಿಂದ 10 ಕಿಲೋಮೀಟರ್ ಆಚೆಗೂ ಸಿಡಿಲು ಬಡಿಯಬಲ್ಲದು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಹೋಗಬೇಡಿ.